ನ್ಯಾಂಡ್ ಒಂದೇ ಸಾಕು: ಮೆಟ್ಟಿಲಿನ ಲೈಟಿನ ಲೆಕ್ಕ ಹಿಡಿದು ಮಾಡಿ ನೋಡೋಣ

ನಮ್ಮ ಮನೆಯಲ್ಲಿ ಒಂದು ನಿಯಮ ಇದೆ. ಗೀಸರ್ ಮತ್ತು ನೀರಿನ ಮೋಟರ್ ಎರಡನ್ನೂ ಒಟ್ಟಿಗೆ ಹಾಕಬಾರದು. ಹಾಕಿದರೆ ಎಂಸಿಬಿ ಟ್ರಿಪ್ ಆಗುತ್ತದೆ. ಗೀಸರ್ ಒಂದೇ ಇದ್ದರೆ ತೊಂದರೆ ಇಲ್ಲ, ಮೋಟರ್ ಒಂದೇ ಇದ್ದರೂ ತೊಂದರೆ ಇಲ್ಲ, ಎರಡೂ ಆಫ್ ಇದ್ದರಂತೂ ಕೇಳುವುದೇ ಬೇಡ. ನಾಲ್ಕು ಸಂದರ್ಭಗಳಲ್ಲಿ ಮೂರಕ್ಕೆ ‘ಸರಿ’, ಒಂದಕ್ಕೆ ಮಾತ್ರ ‘ಬೇಡ’.

ತರ್ಕಶಾಸ್ತ್ರದಲ್ಲಿ ಈ ನಿಯಮಕ್ಕೆ ನ್ಯಾಂಡ್ ಎಂದು ಹೆಸರು. ‘ಮತ್ತು’ ಎಂಬುದನ್ನು ತಿರುವಿ ಹಾಕಿದ್ದು. ಈ ಲೇಖನದಲ್ಲಿ ಅದನ್ನು ↑ ಎಂದು ಬರೆಯುತ್ತೇನೆ. ನಿಜಕ್ಕೆ 1, ಸುಳ್ಳಿಗೆ 0.

```
A B   A↑B
0 0    1
0 1    1
1 0    1
1 1    0
```

ಇಷ್ಟು ಚಿಕ್ಕ ಟೇಬಲ್ ಇಟ್ಟುಕೊಂಡು ‘ಅಲ್ಲ’, ‘ಮತ್ತು’, ‘ಅಥವಾ’, ‘ಹೀಗಾದರೆ ಹಾಗೆ’ ಎಂಬ ಅರ್ಥದ ‘ಆದರೆ’, ‘ಎರಡರಲ್ಲಿ ಒಂದು ಮಾತ್ರ’ ಎಲ್ಲವನ್ನೂ ಹೇಳಬಹುದು. ಬೇರೆ ಯಾವ ಜೋಡಿಸುವ ಪದವೂ ಬೇಕಿಲ್ಲ. ಹೀಗೆ ಎಲ್ಲವನ್ನೂ ಹೇಳಬಲ್ಲ ಗುಂಪನ್ನು ಪರಿಪೂರ್ಣ ಗುಂಪು ಎನ್ನುತ್ತಾರೆ. ನ್ಯಾಂಡ್ ಒಂಟಿಯಾಗಿಯೇ ಪರಿಪೂರ್ಣ. ಅದು ಹೇಗೆ ಎಂದು ಒಂದು ಉದಾಹರಣೆ ಹಿಡಿದು ಕೊನೆಯವರೆಗೆ ಹೋಗೋಣ. ಪೆನ್ನು, ಹಾಳೆ ಹತ್ತಿರ ಇಟ್ಟುಕೊಂಡರೆ ಒಳ್ಳೆಯದು.

ಮೊದಲು ಕನ್ನಡದ ಒಂದು ತೊಡಕು

‘ನಾನು ಕಾಫಿ, ಟೀ ಎರಡೂ ಕುಡಿಯಲ್ಲ’ ಎಂದು ಯಾರಾದರೂ ಹೇಳಿದರೆ ನೀವು ಏನು ತಿಳಿಯುತ್ತೀರಿ? ಅವರು ಕಾಫಿಯನ್ನೂ ಕುಡಿಯುವುದಿಲ್ಲ, ಟೀಯನ್ನೂ ಕುಡಿಯುವುದಿಲ್ಲ, ಅಲ್ವಾ? ಇದು ನ್ಯಾಂಡ್ ಅಲ್ಲ. ಇದು ನಾರ್, ಅಂದರೆ ‘ಇದೂ ಅಲ್ಲ, ಅದೂ ಅಲ್ಲ’. ಎರಡೂ ಸುಳ್ಳಾದಾಗ ಮಾತ್ರ ಅದು ನಿಜ. ನ್ಯಾಂಡ್ ಹೇಳಬೇಕೆಂದರೆ ‘ಒಟ್ಟಿಗೆ’ ಎಂಬ ಪದ ಬರಲೇಬೇಕು: ‘ಎರಡನ್ನೂ ಒಟ್ಟಿಗೆ ಕುಡಿಯಲ್ಲ’. ಪಾಠ ಹೇಳಿಕೊಡುವಾಗ ‘ಎರಡೂ ನಿಜವಲ್ಲ’ ಎಂದು ಬಾಯಿಂದ ಬಂದುಬಿಡುತ್ತದೆ. ಕೇಳಿದವರು ನಾರ್ ಟೇಬಲ್ ಬರೆಯುತ್ತಾರೆ, ಅಲ್ಲಿಂದ ಮುಂದೆ ಎಲ್ಲ ಲೆಕ್ಕವೂ ಉಲ್ಟಾ. ಗೊಂದಲ ಆದಾಗಲೆಲ್ಲ ಗೀಸರ್ ಮೋಟರ್ ನೆನಪಿಸಿಕೊಳ್ಳಿ. ಒಂದು ಆನ್, ಒಂದು ಆಫ್ ಇರುವಾಗ ನಿಯಮ ಮುರಿದಿಲ್ಲ. ಅಲ್ಲಿ 1 ಬರಬೇಕು.

ಇನ್ನೊಂದು ಮಾತನ್ನೂ ಮೊದಲೇ ಹೇಳಿಬಿಡಬೇಕು. ‘ಎಲ್ಲವನ್ನೂ’ ಎಂದರೆ ಟೇಬಲ್ ಬರೆಯಲು ಬರುವಂಥ ಪದಗಳನ್ನೆಲ್ಲ ಎಂದು ಅರ್ಥ. ‘ಮಳೆ ಬಂತು, ಆದ್ದರಿಂದ ಬಸ್ಸು ತಡವಾಯಿತು’ ಎಂಬ ವಾಕ್ಯ ತೆಗೆದುಕೊಳ್ಳಿ. ಮಳೆ ಬಂದಿದ್ದು ನಿಜ, ಬಸ್ಸು ತಡವಾಗಿದ್ದೂ ನಿಜ. ಆದರೂ ಇಡೀ ವಾಕ್ಯ ಸುಳ್ಳಿರಬಹುದು. ಟೈರ್ ಪಂಕ್ಚರ್ ಆಗಿ ತಡವಾಗಿರಬಹುದು. ಎರಡು ತುಂಡುಗಳ ನಿಜ ಸುಳ್ಳು ಗೊತ್ತಿದ್ದ ಮಾತ್ರಕ್ಕೆ ಇಡೀ ವಾಕ್ಯದ ನಿಜ ಸುಳ್ಳು ಗೊತ್ತಾಗುವುದಿಲ್ಲ. ಹಾಗಾಗಿ ‘ಆದ್ದರಿಂದ’ ಎಂಬುದಕ್ಕೆ ಟೇಬಲ್ ಇಲ್ಲ, ಅದನ್ನು ನ್ಯಾಂಡ್‌ನಿಂದ ಕಟ್ಟಲೂ ಆಗುವುದಿಲ್ಲ. ಟೇಬಲ್ ಇರುವ ಪದಗಳ ವಿಚಾರ ಮಾತ್ರ ಇಲ್ಲಿ.

ಹೆಜ್ಜೆ 1: ಟೇಬಲ್ ನೋಡಿ ವಾಕ್ಯ ಬರೆಯಿರಿ

ಎರಡು ಅಂತಸ್ತಿನ ಮನೆಯ ಮೆಟ್ಟಿಲಿಗೆ ಒಂದು ಲೈಟು, ಕೆಳಗೊಂದು ಸ್ವಿಚ್, ಮೇಲೊಂದು ಸ್ವಿಚ್. ಯಾವುದನ್ನು ಒತ್ತಿದರೂ ಲೈಟಿನ ಸ್ಥಿತಿ ಬದಲಾಗಬೇಕು. ಕೆಳಗಿನದು A, ಮೇಲಿನದು B, ಲೈಟು X ಎಂದಿಟ್ಟುಕೊಳ್ಳಿ. ಎರಡು ಸ್ವಿಚ್‌ಗಳು ಬೇರೆ ಬೇರೆ ಸ್ಥಿತಿಯಲ್ಲಿದ್ದರೆ ಲೈಟು ಉರಿಯುತ್ತದೆ, ಒಂದೇ ಥರ ಇದ್ದರೆ ಆರುತ್ತದೆ.

```
A B   X
0 0   0
0 1   1
1 0   1
1 1   0
```

ಈಗ X ಕಾಲಮ್ಮಿನಲ್ಲಿ 1 ಇರುವ ಸಾಲುಗಳನ್ನು ಮಾತ್ರ ನೋಡಿ. ಎರಡನೇ ಸಾಲಿನಲ್ಲಿ A ಸುಳ್ಳು, B ನಿಜ. ಅದನ್ನು ¬A ∧ B ಎಂದು ಬರೆಯಿರಿ. ¬ ಎಂದರೆ ‘ಅಲ್ಲ’, ∧ ಎಂದರೆ ‘ಮತ್ತು’. ಮೂರನೇ ಸಾಲಿನಲ್ಲಿ A ನಿಜ, B ಸುಳ್ಳು. ಅದು A ∧ ¬B. ಈ ಎರಡು ತುಂಡುಗಳ ನಡುವೆ ‘ಅಥವಾ’, ಅಂದರೆ ∨ ಹಾಕಿ:

```
X = (¬A ∧ B) ∨ (A ∧ ¬B)
```

ಇದು ಯಾಕೆ ಕೆಲಸ ಮಾಡುತ್ತದೆ? ಪ್ರತಿ ತುಂಡೂ ತನ್ನ ಒಂದೇ ಒಂದು ಸಾಲಿನಲ್ಲಿ ನಿಜ, ಬೇರೆಲ್ಲ ಸಾಲುಗಳಲ್ಲಿ ಸುಳ್ಳು. ಅವನ್ನು ‘ಅಥವಾ’ದಿಂದ ಸೇರಿಸಿದರೆ ನಮಗೆ ಬೇಕಾದ ಸಾಲುಗಳಲ್ಲಿ ಮಾತ್ರ 1 ಬರುತ್ತದೆ. ಇಲ್ಲಿ ಮೆಟ್ಟಿಲಿನ ಲೈಟಿಗೆ ಅಂತ ವಿಶೇಷ ಏನೂ ಇಲ್ಲ. ಮೂರು ಸ್ವಿಚ್ ಇದ್ದರೆ 8 ಸಾಲು, ನಾಲ್ಕಿದ್ದರೆ 16 ಸಾಲು. ವಿಧಾನ ಅದೇ.

ಒಂದೇ ಒಂದು ಕಡೆ ಕೈ ನಿಲ್ಲುತ್ತದೆ. ಟೇಬಲ್‌ನಲ್ಲಿ ಎಲ್ಲೂ 1 ಇಲ್ಲದಿದ್ದರೆ? ಬರೆಯಲು ತುಂಡೇ ಸಿಗುವುದಿಲ್ಲ. ಆಗ A ∧ ¬A ಎಂದು ಬರೆದರಾಯಿತು, ಅದು ಯಾವಾಗಲೂ ಸುಳ್ಳು. ಬಹಳ ಜನ ಈ ಸಾಲನ್ನು ಬಿಟ್ಟುಬಿಡುತ್ತಾರೆ. ಬಿಟ್ಟರೆ ‘ಯಾವ ಟೇಬಲ್ ಆದರೂ ಸರಿ’ ಎಂಬ ಮಾತು ಪೂರ್ತಿ ಆಗುವುದಿಲ್ಲ.

ಅಲ್ಲಿಗೆ ಯಾವ ಟೇಬಲ್ ಆದರೂ ¬, ∧, ∨ ಈ ಮೂರರಿಂದ ಬರೆಯಬಹುದು ಎಂದಾಯಿತು. ಇನ್ನು ಈ ಮೂರನ್ನು ನ್ಯಾಂಡ್‌ನಿಂದ ಕಟ್ಟಿಬಿಟ್ಟರೆ ಕೆಲಸ ಮುಗಿಯಿತು.

ಹೆಜ್ಜೆ 2: ಮೂರನ್ನೂ ನ್ಯಾಂಡ್ ಮಾಡಿ

‘ಅಲ್ಲ’ ಎಲ್ಲಕ್ಕಿಂತ ಸುಲಭ. ನ್ಯಾಂಡ್‌ನ ಎರಡೂ ಕಡೆಗೆ ಒಂದೇ A ಕೊಡಿ. ಆಗ ಟೇಬಲ್‌ನ ಮೊದಲ ಸಾಲು ಮತ್ತು ಕೊನೆಯ ಸಾಲು ಮಾತ್ರ ಉಳಿಯುತ್ತವೆ. 0 ಕೊಟ್ಟರೆ 1, 1 ಕೊಟ್ಟರೆ 0. ಅದೇ ¬A.

‘ಮತ್ತು’ ಬೇಕಿದ್ದರೆ, ನ್ಯಾಂಡ್ ಅಂದರೇ ತಿರುವಿದ ‘ಮತ್ತು’ ಅಲ್ವಾ, ಅದನ್ನು ಇನ್ನೊಮ್ಮೆ ತಿರುವಿ. ಎರಡು ನ್ಯಾಂಡ್ ಬೇಕು.

‘ಅಥವಾ’ಕ್ಕೆ ಸ್ವಲ್ಪ ಯೋಚಿಸಬೇಕು. ‘A ಅಥವಾ B’ ಎಂದರೆ ‘ಎರಡೂ ಒಟ್ಟಿಗೆ ಸುಳ್ಳಾಗಬಾರದು’ ಎಂದು ಅರ್ಥ. ಈ ವಾಕ್ಯವನ್ನು ಇನ್ನೊಮ್ಮೆ ಓದಿ. ‘ಒಟ್ಟಿಗೆ ಆಗಬಾರದು’ ಎಂಬುದೇ ನ್ಯಾಂಡ್, ಅದರ ಎರಡು ಕಡೆ ಇರುವುದು ¬A ಮತ್ತು ¬B. ಡಿ ಮಾರ್ಗನ್ ನಿಯಮ ಎಂದು ಪಠ್ಯಪುಸ್ತಕದಲ್ಲಿ ಬರುವುದು ಇದೇ.

```
¬A    = A↑A
A ∧ B = (A↑B) ↑ (A↑B)
A ∨ B = (A↑A) ↑ (B↑B)
A → B = A ↑ (B↑B)
```

ಕೊನೆಯ ಸಾಲು ‘A ಆದರೆ B’. ಅದರ ಅರ್ಥ ‘A ನಿಜವಾಗಿ B ಸುಳ್ಳಾಗುವುದು ಒಟ್ಟಿಗೆ ನಡೆಯಬಾರದು’ ಎಂದು. ಮತ್ತೆ ಅದೇ ‘ಒಟ್ಟಿಗೆ ಬೇಡ’. ನನಗೆ ಈ ವಿಷಯ ನಿಜವಾಗಿ ಹಿಡಿಸಿದ್ದು ಈ ಸಾಲಿನಲ್ಲೇ. ಸೂತ್ರ ಬಾಯಿಪಾಠ ಮಾಡುವ ಬದಲು ವಾಕ್ಯವನ್ನು ‘ಒಟ್ಟಿಗೆ ಬೇಡ’ ಎಂಬ ರೂಪಕ್ಕೆ ತಿರುಗಿಸಿ ಹೇಳಿಕೊಂಡರೆ ಸೂತ್ರ ತಾನಾಗಿ ಬರುತ್ತದೆ.

ಹೆಜ್ಜೆ 3: ಮೆಟ್ಟಿಲಿನ ಲೈಟಿಗೆ ಹಾಕಿ, ಆಮೇಲೆ ಕಡಿಮೆ ಮಾಡಿ

ಈಗ ನಮ್ಮ X ಸೂತ್ರದಲ್ಲಿ ಒಂದೊಂದನ್ನೂ ಯಂತ್ರದ ಹಾಗೆ ಬದಲಾಯಿಸಿದರೆ ಎಷ್ಟು ನ್ಯಾಂಡ್ ಬೇಕು? ¬A, ¬B ಗೆ ಒಂದೊಂದು, ಎರಡು ‘ಮತ್ತು’ಗಳಿಗೆ ಎರಡೆರಡು, ‘ಅಥವಾ’ಕ್ಕೆ ಮೂರು. ಒಟ್ಟು 9. ಉತ್ತರ ಸರಿಯೇ, ಆದರೆ ಜಾಸ್ತಿ ಆಯಿತು.

ಎಲ್ಲಿ ವ್ಯರ್ಥವಾಗುತ್ತಿದೆ ನೋಡಿ. ಪ್ರತಿ ‘ಮತ್ತು’ವಿನ ಕೊನೆಗೆ ಒಂದು ತಿರುವು ಇದೆ. ಅದು ಹೋಗಿ ಸೇರುವ ‘ಅಥವಾ’ದ ಬಾಗಿಲಲ್ಲೂ ಒಂದು ತಿರುವು ಇದೆ. ಎರಡು ಸಲ ತಿರುವಿದರೆ ಮೊದಲಿನದೇ ಬಂತು. ಹಾಗಾಗಿ ಎರಡನ್ನೂ ಕಿತ್ತು ಹಾಕಬಹುದು. ಎರಡು ಕವಲಿನಲ್ಲಿ ಎರಡೆರಡು, ಒಟ್ಟು ನಾಲ್ಕು ಹೋದವು. ಉಳಿದದ್ದು 5:

```
X = ((A↑A) ↑ B) ↑ (A ↑ (B↑B))
```

ಇದನ್ನು ನೆನಪಿಟ್ಟುಕೊಳ್ಳಿ: ‘ಮತ್ತು’ಗಳನ್ನು ‘ಅಥವಾ’ದಿಂದ ಸೇರಿಸಿದ ಸೂತ್ರ ಇದ್ದರೆ ಆ ‘ಮತ್ತು’ಗಳನ್ನೂ ‘ಅಥವಾ’ವನ್ನೂ ಹಾಗೇ ನ್ಯಾಂಡ್ ಮಾಡಿಬಿಡಬಹುದು, ಅರ್ಥ ಬದಲಾಗುವುದಿಲ್ಲ. ನಾವು ಮೊದಲ ಹೆಜ್ಜೆಯಲ್ಲಿ ಬರೆಯುವ ಸೂತ್ರ ಸಾಮಾನ್ಯವಾಗಿ ಇದೇ ಆಕಾರದಲ್ಲಿರುತ್ತದೆ.

ಇನ್ನೂ ಒಂದನ್ನು ಉಳಿಸಬಹುದು. ಇದಕ್ಕೆ ಯಂತ್ರದ ನಿಯಮ ಇಲ್ಲ, ಕಣ್ಣಿಟ್ಟು ನೋಡಬೇಕು. (A↑A) ↑ B ಎಂಬ ತುಂಡಿನಲ್ಲಿ B ಗೆ 0 ಇದ್ದರೆ, ಎಡಗಡೆ ಏನೇ ಇರಲಿ, ಉತ್ತರ 1. ಅಂದರೆ ಎಡಗಡೆಯ ಬೆಲೆ ಮುಖ್ಯ ಆಗುವುದು B ಗೆ 1 ಇದ್ದಾಗ ಮಾತ್ರ. B ಗೆ 1 ಇದ್ದಾಗ A↑B ಎಂಬುದು ¬A ಗೆ ಸಮ. ಹಾಗಾದರೆ A↑A ಇರುವ ಜಾಗದಲ್ಲಿ A↑B ಹಾಕಿದರೂ ಆಗುತ್ತದೆ. ಇನ್ನೊಂದು ಕಡೆಯೂ ಇದೇ ಮಾತು, B↑B ಬದಲು A↑B. ಎರಡು ಕಡೆಯೂ ಒಂದೇ ತುಂಡು ಬಂದಿದ್ದರಿಂದ ಅದನ್ನು ಒಂದು ಸಲ ಮಾಡಿ ಹಂಚಿಕೊಂಡರೆ ಸಾಕು:

```
M = A↑B
X = (A↑M) ↑ (B↑M)
```

ನಾಲ್ಕೇ ನ್ಯಾಂಡ್. 9 ರಿಂದ 5, 5 ರಿಂದ 4.

ಹೆಜ್ಜೆ 4: ನಂಬುವ ಮೊದಲು ಪರೀಕ್ಷೆ ಮಾಡಿ

ಕೈಯಿಂದ ಒಂದು ಸಾಲು ಮಾಡಿ ನೋಡೋಣ. A=0, B=1. M = 0↑1 = 1. A↑M = 0↑1 = 1. B↑M = 1↑1 = 0. ಕೊನೆಗೆ 1↑0 = 1. ಲೈಟು ಉರಿಯಿತು. ಉಳಿದ ಮೂರು ಸಾಲುಗಳನ್ನು ನೀವೇ ಮಾಡಿ. ಕಂಪ್ಯೂಟರ್ ಇದ್ದರೆ ಪೈಥಾನ್‌ನಲ್ಲಿ ಹೀಗೆ:

```python
def n(a, b):
    return 1 - a*b

for a in (0, 1):
    for b in (0, 1):
        m = n(a, b)
        print(a, b, n(n(a, m), n(b, m)))
```

ಕೊನೆಯ ಅಂಕಿ ಮೇಲಿಂದ ಕೆಳಗೆ 0, 1, 1, 0 ಬರಬೇಕು.

ತಪ್ಪು ಬಂದರೆ ಮೊದಲು ಆವರಣ ಚಿಹ್ನೆಗಳನ್ನು ನೋಡಿ. ‘ಮತ್ತು’, ‘ಅಥವಾ’ಗಳಲ್ಲಿ ಮೂರು ಅಕ್ಷರಗಳನ್ನು ಸಾಲಾಗಿ ಬರೆದರೆ ಆವರಣ ಎಲ್ಲಿದ್ದರೂ ನಡೆಯುತ್ತದೆ. ನ್ಯಾಂಡ್‌ನಲ್ಲಿ ನಡೆಯುವುದಿಲ್ಲ. ಮೂರಕ್ಕೆ 0, 0, 1 ಕೊಟ್ಟು ನೋಡಿ. (0↑0)↑1 ಮಾಡಿದರೆ 0 ಬರುತ್ತದೆ, 0↑(0↑1) ಮಾಡಿದರೆ 1 ಬರುತ್ತದೆ. ಹಾಗಾಗಿ A↑B↑C ಎಂದು ಆವರಣ ಇಲ್ಲದೆ ಬರೆಯುವುದಕ್ಕೆ ಅರ್ಥವೇ ಇಲ್ಲ. ‘ಮೂರೂ ಒಟ್ಟಿಗೆ ಬೇಡ’ ಎಂದು ಹೇಳಬೇಕಿದ್ದರೆ ನಡುವೆ ಒಂದು ತಿರುವು ಸೇರಿಸಬೇಕು: ((A↑B)↑(A↑B)) ↑ C. ಸರಿ ಇದೆಯೋ ಇಲ್ಲವೋ ತಿಳಿಯಲು ಮೂರಕ್ಕೂ 1 ಕೊಡಿ. 0 ಬರಬೇಕು. ನಡುವಿನ ತಿರುವು ಬಿಟ್ಟಿದ್ದರೆ 1 ಬಂದು ಸಿಕ್ಕಿಬೀಳುತ್ತದೆ.

ಹೆಜ್ಜೆ 5: ಬ್ರೆಡ್‌ಬೋರ್ಡ್ ಮೇಲೆ ನೋಡುವ ಆಸೆ ಇದ್ದರೆ

7400 ಎಂಬ ಐಸಿಯಲ್ಲಿ ಎರಡು ಇನ್‌ಪುಟ್‌ನ ನಾಲ್ಕು ನ್ಯಾಂಡ್ ಗೇಟುಗಳಿವೆ. ಗೇಟ್ ಎಂದರೆ ಒಂದು ಟೇಬಲ್ಲಿನ ಕೆಲಸ ಮಾಡುವ ಪುಟ್ಟ ಸರ್ಕ್ಯೂಟು. ನಮ್ಮ ಲೈಟಿಗೆ ಬೇಕಿರುವುದೂ ನಾಲ್ಕೇ, ಒಂದು ಐಸಿ ಪೂರ್ತಿ ಬಳಕೆ ಆಗುತ್ತದೆ. ಅದರಲ್ಲಿ 74HC00 ಎಂಬ ಬಗೆ ತೆಗೆದುಕೊಳ್ಳಿ. ಅದಕ್ಕೆ 14 ಕಾಲು. 14ನೇ ಕಾಲಿಗೆ 5 ವೋಲ್ಟ್, 7ನೇ ಕಾಲಿಗೆ ಗ್ರೌಂಡ್. ಆಮೇಲೆ ಹೀಗೆ ವೈರ್ ಹಾಕಿ:

```
M   : 1 = A,  2 = B,   3 = M
A↑M : 4 = A,  5 = M,   6 
B↑M : 9 = M, 10 = B,   8 
X   : 12 = (6), 13 = (8), 11 = X
```

11ನೇ ಕಾಲಿನಿಂದ 1 ಕಿಲೋಓಮ್ ರೆಸಿಸ್ಟರ್ ಮೂಲಕ ಎಲ್ಇಡಿ, ಅಲ್ಲಿಂದ ಗ್ರೌಂಡಿಗೆ. ಪ್ರತಿ ಸ್ವಿಚ್ ಒತ್ತಿದಾಗ 5 ವೋಲ್ಟ್ ಸಿಗಬೇಕು, ಬಿಟ್ಟಾಗ 10 ಕಿಲೋಓಮ್ ರೆಸಿಸ್ಟರ್ ಆ ಇನ್‌ಪುಟ್ಟನ್ನು ಗ್ರೌಂಡಿಗೆ ಎಳೆಯಬೇಕು. ನಾನು ಮೊದಲ ಸಲ ಮಾಡಿದಾಗ ಈ 10 ಕಿಲೋಓಮ್ ಹಾಕಿರಲಿಲ್ಲ. ಸ್ವಿಚ್ ಬಿಟ್ಟರೆ 0 ತಾನೇ ಬರುತ್ತದೆ ಎಂದುಕೊಂಡಿದ್ದೆ. ಕೈ ಹತ್ತಿರ ತಂದರೆ ಎಲ್ಇಡಿ ಹತ್ತುತ್ತಿತ್ತು, ದೂರ ತೆಗೆದರೆ ಆರುತ್ತಿತ್ತು. ಒಂದು ಸಂಜೆ ಪೂರ್ತಿ ಸೂತ್ರದಲ್ಲೇ ತಪ್ಪು ಹುಡುಕಿದೆ. ತಪ್ಪು ಇದ್ದದ್ದು ಸೂತ್ರದಲ್ಲಲ್ಲ. ಎಲ್ಲಿಗೂ ಸೇರದೆ ತೇಲುವ ಇನ್‌ಪುಟ್ 0 ಕೂಡ ಅಲ್ಲ, 1 ಕೂಡ ಅಲ್ಲ. ಟೇಬಲ್‌ನಲ್ಲಿ ಅದಕ್ಕೆ ಸಾಲೇ ಇಲ್ಲ. ಹಳೆಯ 74LS00 ಆದರೆ ತೇಲುವ ಇನ್‌ಪುಟ್ ಸಾಮಾನ್ಯವಾಗಿ 1 ಎಂದೇ ನಡೆದುಕೊಳ್ಳುತ್ತದೆ, ಆಗ ಮೋಸ ಇನ್ನೂ ಜಾಸ್ತಿ, ಯಾಕೆಂದರೆ ಅರ್ಧ ಸಾಲುಗಳು ಸರಿ ಬಂದುಬಿಡುತ್ತವೆ.

ಇದು 5 ವೋಲ್ಟಿನ ಪ್ರಯೋಗ ಮಾತ್ರ. ಮನೆಯ 230 ವೋಲ್ಟ್ ಲೈನಿಗೆ ಇದನ್ನು ಮುಟ್ಟಿಸಬೇಡಿ. ಮನೆಯ ಮೆಟ್ಟಿಲಿನಲ್ಲಿ ಎರಡು ಟೂ-ವೇ ಸ್ವಿಚ್‌ಗಳೇ ಇದೇ ಟೇಬಲ್ಲನ್ನು ಮಾಡಿಕೊಡುತ್ತವೆ, ಅಲ್ಲಿ ಗೇಟ್ ಬೇಕಿಲ್ಲ.

ಬೇರೆ ಯಾವುದಕ್ಕೆ ಈ ಶಕ್ತಿ ಇದೆ?

‘ಮತ್ತು’, ‘ಅಥವಾ’ ಎರಡೂ ಇದ್ದರೆ ಸಾಲದೇ? ಸಾಲದು. ಎರಡಕ್ಕೂ ಬರೀ 0 ಕೊಟ್ಟರೆ 0 ಬರುತ್ತದೆ. ಅವನ್ನು ಎಷ್ಟು ಸಲ ಒಂದರೊಳಗೊಂದು ಸೇರಿಸಿದರೂ 0 ಗಳಿಂದ 0 ಯೇ ಹೊರಗೆ ಬರುತ್ತದೆ. ‘ಅಲ್ಲ’ ಮಾತ್ರ 0 ಯಿಂದ 1 ಮಾಡಬೇಕು, ಅದು ಇವುಗಳ ಕೈಲಿ ಸಾಧ್ಯವೇ ಇಲ್ಲ. ‘ಆದರೆ’ ಕೂಡ ಒಂಟಿಯಾಗಿ ಸಾಲದು, ಅದಕ್ಕೆ ಬರೀ 1 ಕೊಟ್ಟರೆ ಯಾವಾಗಲೂ 1. ಅದರಿಂದಲೂ ‘ಅಲ್ಲ’ ಹುಟ್ಟುವುದಿಲ್ಲ.

ಈ ಎರಡು ಗಮನಗಳಿಂದಲೇ ಪೂರ್ತಿ ಉತ್ತರ ಸಿಗುತ್ತದೆ. ಎರಡು ಅಕ್ಷರದ ಟೇಬಲ್‌ಗೆ 4 ಸಾಲು, ಪ್ರತಿ ಸಾಲಿನಲ್ಲಿ 0 ಅಥವಾ 1, ಒಟ್ಟು 16 ಟೇಬಲ್‌ಗಳು. ಒಂಟಿಯಾಗಿ ಎಲ್ಲವನ್ನೂ ಮಾಡಬಲ್ಲ ಟೇಬಲ್ ಯಾವುದು? ಮೊದಲ ಸಾಲು, 0 0, ಅಲ್ಲಿ 1 ಇರಲೇಬೇಕು. ಇಲ್ಲದಿದ್ದರೆ ‘ಮತ್ತು’, ‘ಅಥವಾ’ಗಳ ಹಾಗೆ 0 ಯಲ್ಲೇ ಸಿಕ್ಕಿಕೊಳ್ಳುತ್ತದೆ. ಕೊನೆಯ ಸಾಲು, 1 1, ಅಲ್ಲಿ 0 ಇರಲೇಬೇಕು. ಇಲ್ಲದಿದ್ದರೆ ‘ಆದರೆ’ಯ ಹಾಗೆ 1 ರಲ್ಲಿ ಸಿಕ್ಕಿಕೊಳ್ಳುತ್ತದೆ. 16 ರಲ್ಲಿ ಉಳಿದದ್ದು 4.

ನಡುವಿನ ಎರಡು ಸಾಲುಗಳನ್ನು ತುಂಬಿ ನೋಡಿ. 1, 0 ಎಂದು ತುಂಬಿದರೆ ಕಾಲಮ್ 1, 1, 0, 0 ಆಗುತ್ತದೆ. ಅದು ಬರೀ ¬A, B ಯ ಮುಖವನ್ನೇ ನೋಡುವುದಿಲ್ಲ. 0, 1 ಎಂದು ತುಂಬಿದರೆ ಬರೀ ¬B. ಒಂದೇ ಅಕ್ಷರ ನೋಡುವ ಟೇಬಲ್‌ಗಳನ್ನು ಎಷ್ಟು ಸೇರಿಸಿದರೂ ಒಂದೇ ಅಕ್ಷರ ನೋಡುವ ಟೇಬಲ್ ಬರುತ್ತದೆ, ‘ಮತ್ತು’ ಎಂದೂ ಬರುವುದಿಲ್ಲ. ಉಳಿದ ಎರಡರಲ್ಲಿ 1, 1 ತುಂಬಿದ್ದು ನ್ಯಾಂಡ್, 0, 0 ತುಂಬಿದ್ದು ನಾರ್. ಈ ಎರಡೇ, ಮೂರನೆಯದು ಇಲ್ಲ. ಪೋಲೆಂಡಿನ ಗಣಿತಜ್ಞ ಜಿಲಿನ್ಸ್ಕಿ ಇದನ್ನು 1925ರಲ್ಲಿ ಸಾಧಿಸಿ ತೋರಿಸಿದರು.

ಒಂದೇ ಜೋಡಿಸುವ ಪದ ಸಾಕು ಎಂಬುದು ಮೊದಲು ಹೊಳೆದದ್ದು ಅಮೆರಿಕದ ಚಾರ್ಲ್ಸ್ ಪರ್ಸ್ ಅವರಿಗೆ, 1880ರ ಸುಮಾರಿಗೆ. ಆದರೆ ಅವರು ಅದನ್ನು ಅಚ್ಚು ಹಾಕಿಸಲಿಲ್ಲ, ಅವರು 1914ರಲ್ಲಿ ತೀರಿಕೊಂಡ ಎಷ್ಟೋ ವರ್ಷದ ನಂತರ 1933ರಲ್ಲಿ ಅದು ಹೊರಬಂತು. ಅಷ್ಟರಲ್ಲಿ 1913ರಲ್ಲಿ ಹೆನ್ರಿ ಶೆಫರ್ ಸ್ವತಂತ್ರವಾಗಿ ಕಂಡುಕೊಂಡು ಪ್ರಕಟಿಸಿದ್ದರು. ಅದಕ್ಕೇ ನ್ಯಾಂಡ್‌ಗೆ ಶೆಫರ್ ಗೆರೆ ಎಂಬ ಹೆಸರು ನಿಂತಿತು. ತರ್ಕದ ಪುಸ್ತಕಗಳಲ್ಲಿ A|B ಎಂದು ಬರೆಯುವ ಆ ಗೆರೆ ಅದು. ಅದೇ ಗೆರೆ ಪೈಥಾನ್‌ನಲ್ಲಿ ‘ಅಥವಾ’ ಆಗುತ್ತದೆ, ಆದ್ದರಿಂದ ಪುಸ್ತಕದಿಂದ ಕೋಡಿಗೆ ನೇರವಾಗಿ ನಕಲು ಮಾಡಬೇಡಿ.

ನಾರ್ ಬರೀ ಹಾಳೆಯ ಮೇಲಿನ ಮಾತಲ್ಲ. ಮನುಷ್ಯರನ್ನು ಚಂದ್ರನಿಗೆ ಕರೆದೊಯ್ದ ಅಪೊಲೊ ನೌಕೆಯ ಮಾರ್ಗದರ್ಶಿ ಕಂಪ್ಯೂಟರಿನ ತರ್ಕವನ್ನು ಮೂರು ಇನ್‌ಪುಟ್‌ನ ನಾರ್ ಗೇಟುಗಳಿಂದಲೇ ಕಟ್ಟಿದ್ದರು. ನಿಮ್ಮ ಬೋರ್ಡಿನ ಮೇಲೂ ನಾರ್ ನೋಡಬೇಕೆಂದರೆ 74HC00 ತೆಗೆದು 74HC02 ಹಾಕಿ. ಅದರಲ್ಲಿ ಕಾಲುಗಳ ಕ್ರಮ ಬೇರೆ, 1ನೇ ಕಾಲು ಔಟ್‌ಪುಟ್, 2 ಮತ್ತು 3 ಇನ್‌ಪುಟ್. ಹಾಗಾಗಿ ವೈರುಗಳನ್ನು ಹೊಸದಾಗಿ ಹಾಕಬೇಕು. ಜೋಡಣೆ ಮಾತ್ರ ಅದೇ ಇರಲಿ, M ಒಂದು ಗೇಟು, ಅದರ ಎರಡು ಕವಲು, ಕೊನೆಗೊಂದು ಗೇಟು. ಈಗ ಎರಡು ಸ್ವಿಚ್ ಒಂದೇ ಥರ ಇದ್ದಾಗ ಎಲ್ಇಡಿ ಉರಿಯುತ್ತದೆ, ಬೇರೆ ಬೇರೆ ಇದ್ದಾಗ ಆರುತ್ತದೆ.